ಕಾಪಿ ಮಾಡಿದ ಕೋಡ್ ಒಪ್ಪಿಕೊಂಡು ಮೇಡಂಗೆ ಮೇಲ್ ಬರೆಯುವುದು ಹೇಗೆ

ಕೆಲವು ವರ್ಷದ ಹಿಂದೆ ಒಂದೇ ರಾತ್ರಿ ನನಗೆ ಇಬ್ಬರು ಹುಡುಗರಿಂದ ಮೇಲ್ ಬಂತು. ಇಬ್ಬರೂ ಮಿನಿ ಪ್ರಾಜೆಕ್ಟಿನ ಕೋಡನ್ನು ನೆಟ್‌ನಿಂದ ಎತ್ತಿದ್ದರು. ತಪ್ಪಾಯಿತು, ಇನ್ನೊಂದು ಸಲ ಮಾಡಲು ಬಿಡಿ ಎಂದು ಕೇಳಿದ್ದರು. ಓದುತ್ತಾ ಹೋದರೆ ಎರಡೂ ಮೇಲ್ ಅಕ್ಷರಕ್ಕೆ ಅಕ್ಷರ ಒಂದೇ. ಒಬ್ಬನ ಮೇಲ್‌ನಲ್ಲಂತೂ ‘ಇಲ್ಲಿ ಪ್ರಾಧ್ಯಾಪಕರ ಹೆಸರು ಬರೆಯಿರಿ’ ಅನ್ನುವ ಸಾಲು ಬ್ರಾಕೆಟ್ ಸಮೇತ ಹಾಗೇ ಉಳಿದಿತ್ತು. ಕಾಪಿ ಮಾಡಿದ್ದಕ್ಕೆ ಕ್ಷಮೆ, ಅದೂ ಕಾಪಿ! ಸ್ಟಾಫ್ ರೂಮಿನಲ್ಲಿ ಒಂದು ವಾರ ಅದೇ ಮಾತು.

ನಗು ಬಂದರೂ ಒಂದು ವಿಷಯ ಅವತ್ತು ಗಮನಕ್ಕೆ ಬಂತು. ಆ ಮೇಲ್‌ಗಳಲ್ಲಿ ‘ಕ್ಷಮಿಸಿ’ ಆರು ಸಲ ಇತ್ತು. ಯಾವ ಕೋಡ್, ಎಷ್ಟು, ಎಲ್ಲಿಂದ ಅನ್ನುವುದು ಒಂದು ಸಲವೂ ಇರಲಿಲ್ಲ. ಇಂಥ ಮೇಲ್ ಓದಿ ನಾನು ಏನು ಮಾಡಲಿ? ಕ್ಷಮಿಸುವುದೇನೋ ಸುಲಭ. ಆದರೆ ರಿಜಿಸ್ಟರಿನಲ್ಲಿ ಅಂಕ ಬರೆಯಬೇಕಲ್ಲ, ಅದಕ್ಕೆ ನನಗೆ ಮಾಹಿತಿ ಬೇಕು.

ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಪಾಠ ಮಾಡುತ್ತೇನೆ, ಇಂಥ ಮೇಲ್ ಪ್ರತಿ ಸೆಮಿಸ್ಟರ್ ಎರಡೋ ಮೂರೋ ಬರುತ್ತವೆ. ಕಳೆದ ಸೆಮಿಸ್ಟರ್ ಒಂದು ಒಳ್ಳೆಯ ಮೇಲ್ ಬಂತು. ಮೂರನೇ ಸೆಮಿಸ್ಟರಿನ ಹುಡುಗ, ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್, ಸಿ ಭಾಷೆಯಲ್ಲಿ ಲೈಬ್ರರಿ ಪುಸ್ತಕಗಳ ಲೆಕ್ಕ ಇಡುವ ಮಿನಿ ಪ್ರಾಜೆಕ್ಟ್. ಅವನ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ತೆಗೆದು, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ತೆರೆಯಬೇಕಾದ್ದು ಕೋಡ್, ಮೇಲ್ ಅಲ್ಲ

ತಪ್ಪು ಮಾಡಿದ ಭಯದಲ್ಲಿ ಎಲ್ಲರೂ ಮೊದಲು ಮೇಲ್ ತೆರೆದು ಕೂರುತ್ತಾರೆ. ಹಾಗೆ ಕೂತರೆ ಬರೀ ಅಳು ಬರುತ್ತದೆ. ಮೊದಲು ಸಬ್ಮಿಟ್ ಮಾಡಿದ ಫೈಲ್ ತೆರೆಯಿರಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಅದರಲ್ಲಿರುವ ಎಲ್ಲ ಫಂಕ್ಷನ್‌ಗಳ ಹೆಸರನ್ನು ಒಂದರ ಕೆಳಗೆ ಒಂದು ಬರೆಯಿರಿ. ಪ್ರತಿ ಹೆಸರಿನ ಮುಂದೆ ನಾಲ್ಕರಲ್ಲಿ ಒಂದು ಗುರುತು: ಮೇಡಂ ಕೊಟ್ಟದ್ದು, ನಾನೇ ಬರೆದದ್ದು, ಕಾಪಿ ಮಾಡಿದ್ದು ಆದರೆ ಅರ್ಥವಾಗಿದೆ, ಕಾಪಿ ಮಾಡಿದ್ದು ಮತ್ತು ಅರ್ಥವಾಗಿಲ್ಲ.

ಈ ಹುಡುಗನ ಫೈಲಿನಲ್ಲಿ 380 ಸಾಲು, 14 ಫಂಕ್ಷನ್ ಇದ್ದವು. `main`, `showMenu`, `readInt` ಈ ಮೂರನ್ನು ನಾನೇ ಎಲ್ಲರಿಗೂ ಕೊಟ್ಟಿದ್ದೆ, ಸುಮಾರು 60 ಸಾಲು. ಅವನೇ ಬರೆದದ್ದು ಮೂರು, ಸುಮಾರು 70 ಸಾಲು: ಪುಸ್ತಕ ಎಣಿಸುವುದು, ತಡವಾದ ಪುಸ್ತಕ ತೋರಿಸುವುದು, ದಂಡದ ಲೆಕ್ಕ. ಉಳಿದ ಎಂಟು ಫಂಕ್ಷನ್, 250 ಸಾಲು, ಯಾರದೋ ಗಿಟ್‌ಹಬ್ ರೆಪೊಸಿಟರಿಯಿಂದ ಬಂದವು.

ಇಲ್ಲಿ ಒಂದು ಲೆಕ್ಕದ ತಪ್ಪನ್ನು ತುಂಬ ಜನ ಮಾಡುತ್ತಾರೆ. 380ರಲ್ಲಿ 250 ಅಂದರೆ ನೂರಕ್ಕೆ 66. ಆದರೆ ನಾನು ಕೊಟ್ಟ 60 ಸಾಲು ಯಾರ ಲೆಕ್ಕಕ್ಕೂ ಬರುವುದಿಲ್ಲ, ಅಲ್ವಾ? ಅದನ್ನು ಬಿಟ್ಟರೆ ಅವನು ಮಾಡಬೇಕಿದ್ದ ಕೆಲಸ 320 ಸಾಲು. ಅದರಲ್ಲಿ 250 ಅಂದರೆ ನೂರಕ್ಕೆ 78. ನಾವು ಲೆಕ್ಕ ಹಾಕುವುದೂ ಹೀಗೇ. ಮೇಲ್‌ನಲ್ಲಿ 66 ಎಂದು ಬರೆದು, ನಮ್ಮ ಲೆಕ್ಕದಲ್ಲಿ 78 ಬಂದರೆ, ಒಪ್ಪಿಕೊಳ್ಳುವಾಗಲೂ ಕಡಿಮೆ ತೋರಿಸಿದ ಹಾಗೆ ಕಾಣುತ್ತದೆ.

ಮೂಲ ಫೈಲ್ ಇನ್ನೂ ನೆಟ್‌ನಲ್ಲಿ ಸಿಕ್ಕರೆ ಇಳಿಸಿಕೊಂಡು ಎರಡನ್ನೂ ಹೋಲಿಸಿ ನೋಡಿ. ಲಿನಕ್ಸ್‌ನಲ್ಲಿ ಒಂದೇ ಸಾಲಿನ ಕೆಲಸ:

```
diff -wB original.c library.c
```

`-w` ಹಾಕಿದರೆ ಸ್ಪೇಸ್‌ಗಳ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ, `-B` ಹಾಕಿದರೆ ಖಾಲಿ ಸಾಲುಗಳದ್ದು ಬರುವುದಿಲ್ಲ. ನೀವು ವೇರಿಯಬಲ್‌ಗಳ ಹೆಸರು ಬದಲಾಯಿಸಿದ್ದರೆ ಮಾತ್ರ ಇದು ಮೋಸ ಮಾಡುತ್ತದೆ. `temp` ಇದ್ದದ್ದನ್ನು `p` ಮಾಡಿದ್ದರೆ ಆ ಸಾಲುಗಳೆಲ್ಲ ಬೇರೆ ಎಂದು ತೋರಿಸುತ್ತದೆ. ಅದನ್ನು ನೋಡಿ ‘ಅಬ್ಬಾ, ನಾನು ಇಷ್ಟೊಂದು ಬರೆದಿದ್ದೇನಾ’ ಎಂದು ಖುಷಿಪಡಬೇಡಿ. ನಿಮ್ಮ ಫೈಲಿನ ಒಂದು ಪ್ರತಿ ಮಾಡಿ, ಅದರಲ್ಲಿ ಹೆಸರುಗಳನ್ನು ವಾಪಸ್ ಹಳೆಯದಕ್ಕೆ ಬದಲಾಯಿಸಿ, ಆಮೇಲೆ ಹೋಲಿಸಿ. ಆಗ ಕಾಣುವುದು ನಿಜವಾದ ವ್ಯತ್ಯಾಸ.

ಮೂಲ ಫೈಲಿನ ಮೇಲ್ತುದಿಯಲ್ಲಿ ಬರೆದವರ ಹೆಸರಿತ್ತಾ? ಅದನ್ನು ಅಳಿಸಿ ನಿಮ್ಮ ಹೆಸರು, ಯುಎಸ್ಎನ್ ಹಾಕಿದ್ದೀರಾ? ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಬೇಕಾದಂತೆ ಬಳಸಬಹುದು ಅಂತಲ್ಲ. ಲೈಸೆನ್ಸ್ ಇಲ್ಲದ ಕೋಡಿನ ಹಕ್ಕು ಬರೆದವರದ್ದೇ. ಎಂಐಟಿ ಲೈಸೆನ್ಸಿನಂಥ ಸಡಿಲ ಲೈಸೆನ್ಸ್ ಕೂಡ ಬಳಸಲು ಬಿಡುತ್ತದೆ, ಆದರೆ ಬರೆದವರ ಹೆಸರಿರುವ ಆ ಹಕ್ಕಿನ ಸಾಲು ಮತ್ತು ಲೈಸೆನ್ಸಿನ ಮಾತು ಉಳಿಸಬೇಕು ಎನ್ನುತ್ತದೆ. ನನ್ನ ಮಟ್ಟಿಗೆ ಕೋಡ್ ಎತ್ತಿದ್ದಕ್ಕಿಂತ ಹೆಸರು ಅಳಿಸಿದ್ದು ದೊಡ್ಡ ತಪ್ಪು. ಮೊದಲನೆಯದು ಸೋಮಾರಿತನ ಇರಬಹುದು. ಎರಡನೆಯದನ್ನು ಯಾರೂ ಗೊತ್ತಿಲ್ಲದೆ ಮಾಡುವುದಿಲ್ಲ.

ಅರ್ಥವಾಗಿದೆಯೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ

‘ಕಾಪಿ ಮಾಡಿದೆ, ಆದರೆ ಅರ್ಥ ಮಾಡಿಕೊಂಡಿದ್ದೇನೆ ಮೇಡಂ.’ ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಓದುವಾಗ ಯಾವ ಕೋಡ್ ಆದರೂ ಅರ್ಥವಾದಂತೆಯೇ ಇರುತ್ತದೆ. ಈ ಹುಡುಗನ ಫೈಲಿನಲ್ಲಿದ್ದ, ಪುಸ್ತಕ ತೆಗೆದುಹಾಕುವ ಫಂಕ್ಷನ್ ನೋಡಿ:

```c
void deleteBook(int id) {
    struct book *p = head, *prev = NULL;
    while (p != NULL && p->id != id) {
        prev = p;
        p = p->next;
    }
    prev->next = p->next;
    free(p);
}
```

ನೋಡಲು ಚೆನ್ನಾಗಿದೆ. ಹುಡುಕುತ್ತಾ ಹೋಗುತ್ತದೆ, ಸಿಕ್ಕ ಕೂಡಲೇ ಹಿಂದಿನ ಕೊಂಡಿಯನ್ನು ಮುಂದಿನದಕ್ಕೆ ಜೋಡಿಸುತ್ತದೆ, ನಡುವಿನದನ್ನು ಬಿಡುತ್ತದೆ. ಮೂರು ಪುಸ್ತಕ ಸೇರಿಸಿ ನಡುವಿನದನ್ನು ತೆಗೆದರೆ ಸರಿಯಾಗಿ ನಡೆಯುತ್ತದೆ. ಈಗ ಮೊದಲನೇ ಪುಸ್ತಕ ತೆಗೆಯಿರಿ. ಲೂಪ್ ಒಳಗೆ ಹೋಗುವುದೇ ಇಲ್ಲ, `prev` ಇನ್ನೂ `NULL` ಆಗಿಯೇ ಇದೆ, `prev->next` ಎಂದ ತಕ್ಷಣ ಪ್ರೋಗ್ರಾಂ ಮಕಾಡೆ ಮಲಗುತ್ತದೆ. ಪಟ್ಟಿಯಲ್ಲೇ ಇಲ್ಲದ ನಂಬರ್ ಕೊಟ್ಟರೂ ಅಷ್ಟೆ. ಆಗ `p` ಖಾಲಿ.

ವೈವಾದಲ್ಲಿ ನಾನು ಕೇಳುವುದು ಇಷ್ಟೇ: ‘ಮೊದಲನೇ ಪುಸ್ತಕ ಡಿಲೀಟ್ ಮಾಡಿ ತೋರಿಸಪ್ಪ.’ ತಾನೇ ಬರೆದವನಿಗೂ ಈ ಬಗ್ ಇರಬಹುದು. ಆದರೆ ಅವನು ಕ್ರ್ಯಾಶ್ ನೋಡಿದ ಕೂಡಲೇ `prev` ಕಡೆ ಬೆರಳು ತೋರಿಸುತ್ತಾನೆ. ಕಾಪಿ ಮಾಡಿದವನು ಸ್ಕ್ರೀನ್ ಬಿಟ್ಟು ನನ್ನ ಮುಖ ನೋಡುತ್ತಾನೆ.

ಅದೇ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡಿಕೊಳ್ಳಿ. ಫಂಕ್ಷನ್ ಮುಚ್ಚಿಟ್ಟು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಒಂದು ಸಾಲು ಬದಲಾಯಿಸಿ, ರನ್ ಮಾಡುವ ಮುಂಚೆ ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ರನ್ ಮಾಡಿ. ಎರಡರಲ್ಲೂ ಪಾಸಾದರೆ ಮಾತ್ರ ‘ಅರ್ಥವಾಗಿದೆ’ ಎಂಬ ಗುರುತು. ನಮ್ಮ ಹುಡುಗನ ಎಂಟು ಫಂಕ್ಷನ್‌ಗಳಲ್ಲಿ ಸೇರಿಸುವುದು, ಹುಡುಕುವುದು, ಕೊಡುವುದು, ವಾಪಸ್ ಪಡೆಯುವುದು, ಈ ನಾಲ್ಕು ಪಾಸಾದವು. ತೆಗೆಯುವುದು, ವಿಂಗಡಿಸುವುದು, ಫೈಲಿಗೆ ಬರೆಯುವುದು, ಫೈಲಿನಿಂದ ಓದುವುದು, ಈ ನಾಲ್ಕು ಆಗಲಿಲ್ಲ.

ಹೆಸರು ಬದಲಾಯಿಸಿದ್ದೇನಲ್ಲ, ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಮಾಸ್ ಎಂಬ ಸಾಧನ ಇದೆ. ಅಲೆಕ್ಸ್ ಏಕನ್ ಎಂಬ ಪ್ರೊಫೆಸರ್ 1994ರಲ್ಲಿ ಮಾಡಿದ್ದು, ಪಾಠ ಮಾಡುವವರಿಗೆ ಪುಕ್ಕಟೆ ಸಿಗುತ್ತಾ ಬಂದಿದೆ. ಅದು ವೇರಿಯಬಲ್ ಹೆಸರು, ಸ್ಪೇಸ್, ಕಾಮೆಂಟ್ ಯಾವುದನ್ನೂ ನೆಚ್ಚುವುದಿಲ್ಲ. ಕೋಡಿನ ಕಟ್ಟನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಆ ತುಂಡುಗಳ ಬೆರಳಚ್ಚು ಹೋಲಿಸುತ್ತದೆ. ನಾನು ಕೊಟ್ಟ 60 ಸಾಲನ್ನು ಬೇರೆಯಾಗಿ ಕೊಟ್ಟರೆ ಅದನ್ನು ಲೆಕ್ಕದಿಂದ ಬಿಡುತ್ತದೆ. ತುಂಬ ಜನರ ಕೋಡಿನಲ್ಲಿ ಒಂದೇ ತರ ಬರುವ ಭಾಗವನ್ನೂ ಬಿಡುತ್ತದೆ. ಹಾಗಾಗಿ ಎಲ್ಲರೂ ಬರೆಯುವ ಮಾಮೂಲಿ ನಾಲ್ಕು ಸಾಲಿಗೆ ಹೆದರಬೇಕಿಲ್ಲ.

ಮಾಸ್ ನೆಟ್‌ನಲ್ಲೆಲ್ಲ ಹುಡುಕುವುದಿಲ್ಲ, ನಾವು ಕೊಟ್ಟ ಫೈಲುಗಳನ್ನು ಒಂದಕ್ಕೊಂದು ಹೋಲಿಸುತ್ತದೆ ಅಷ್ಟೆ. ಹಾಗಾದರೆ ಬಚಾವ್ ಅಂದುಕೊಳ್ಳಬೇಡಿ. ಗೂಗಲ್‌ನಲ್ಲಿ ಮೊದಲು ಸಿಗುವ ರೆಪೊಸಿಟರಿ ನಿಮಗೆ ಸಿಕ್ಕಿದ ಹಾಗೆ ಬಿ ಸೆಕ್ಷನ್ನಿನ ಇನ್ನೊಬ್ಬರಿಗೂ ಸಿಕ್ಕಿರುತ್ತದೆ. ಮುಖ ಪರಿಚಯವೂ ಇಲ್ಲದ ಇಬ್ಬರು ಒಂದೇ ಜೋಡಿಯಾಗಿ ಬಂದು ನನ್ನ ಮುಂದೆ ನಿಂತದ್ದು ಎಷ್ಟೋ ಸಲ ಆಗಿದೆ. ಕೊನೆಗೆ ತೀರ್ಮಾನ ಮಾಡುವುದು ಮನುಷ್ಯರೇ. ಮಾಸ್ ಕೊಡುವುದು ಅನುಮಾನ, ಎರಡು ಫೈಲ್ ಪಕ್ಕ ಪಕ್ಕ ಇಟ್ಟು ನಾವು ನೋಡಲೇಬೇಕು.

ಯಾವಾಗ, ಯಾರಿಗೆ

ನಾವು ಕಂಡುಹಿಡಿಯುವ ಮುಂಚೆ ಬಂದ ಮೇಲ್‌ಗೂ ಆಮೇಲೆ ಬಂದ ಮೇಲ್‌ಗೂ ಅಜಗಜಾಂತರ. ಹಾರ್ವರ್ಡ್‌ನ ಸಿಎಸ್50 ಕೋರ್ಸಿನಲ್ಲಿ 2014ರಿಂದ ಇದಕ್ಕೇ ಒಂದು ನಿಯಮ ಇದೆ. ತಪ್ಪು ಮಾಡಿದವರು 72 ಗಂಟೆಯೊಳಗೆ ತಾವೇ ಬಂದು ಹೇಳಿದರೆ, ಆ ಕೆಲಸಕ್ಕೆ ಅಂಕ ಕಳೆಯಬಹುದು, ಸೊನ್ನೆಯನ್ನೂ ಕೊಡಬಹುದು, ಆದರೆ ಶಿಸ್ತುಕ್ರಮಕ್ಕೆಂದು ಮೇಲಕ್ಕೆ ಕಳಿಸುವುದಿಲ್ಲ. ಪದೇ ಪದೇ ಮಾಡಿದವರಿಗೆ ಈ ರಿಯಾಯಿತಿ ಇಲ್ಲ. ಗಮನಿಸಿ, ಅಲ್ಲೂ ಅಂಕ ಉಳಿಯುತ್ತದೆ ಎಂಬ ಭರವಸೆ ಏನಿಲ್ಲ.

ನಾನು ಕಂಡ ಕಾಲೇಜುಗಳಲ್ಲಿ ಹೀಗೆ ಬರೆದಿಟ್ಟ ನಿಯಮ ಇಲ್ಲ, ಲ್ಯಾಬ್ ನೋಡಿಕೊಳ್ಳುವವರ ವಿವೇಚನೆಯೇ ಎಲ್ಲ. ಆ ವಿವೇಚನೆಗೂ ಒಂದು ಗಡುವು ಇದೆ. ಇಂಟರ್ನಲ್ಸ್ ಅಂಕ ಯೂನಿವರ್ಸಿಟಿ ಪೋರ್ಟಲ್‌ಗೆ ಏರಿದ ಮೇಲೆ ನನಗೆ ಮನಸ್ಸಿದ್ದರೂ ಸುಮ್ನೆ ಬದಲಾಯಿಸಲು ಬರುವುದಿಲ್ಲ. ಈ ಹುಡುಗ ಶುಕ್ರವಾರ ಸಬ್ಮಿಟ್ ಮಾಡಿ, ಭಾನುವಾರ ಮೇಲ್ ಕಳಿಸಿದ. ನಾನು ಹೋಲಿಕೆ ಹಾಕಬೇಕಿದ್ದದ್ದು ಸೋಮವಾರ. ಹಾಗಾಗಿ ದಾರಿ ಇತ್ತು.

ಮೇಲ್ ಹೋಗಬೇಕಾದ್ದು ಲ್ಯಾಬ್ ತೆಗೆದುಕೊಳ್ಳುವವರಿಗೆ, ಅವರೊಬ್ಬರಿಗೇ. ಎಚ್ಒಡಿಯನ್ನು ಸಿಸಿಯಲ್ಲಿ ಹಾಕಿದರೆ ವಿಷಯ ನನ್ನ ಕೈಯಿಂದ ಜಾರಿತು ಎಂದೇ ಅರ್ಥ. ಕಾಲೇಜಿನ ಮೇಲ್ ಐಡಿಯಿಂದ ಕಳಿಸಿ. ವಾಟ್ಸಾಪ್ ಬೇಡ. ಅಲ್ಲಿ ‘ಮ್ಯಾಮ್ ಒಂದು ವಿಷ್ಯ ಹೇಳ್ಬೇಕಿತ್ತು’ ಎಂದು ಶುರುವಾಗಿ ಹತ್ತು ತುಂಡು ಮೆಸೇಜಿನಲ್ಲಿ ವಿಷಯ ಚೆಲ್ಲಾಪಿಲ್ಲಿಯಾಗುತ್ತದೆ.

ಇಬ್ಬರ ತಂಡವಾಗಿದ್ದರೆ ಮೊದಲು ಜೊತೆಗಾರರಿಗೆ ಹೇಳಿ. ಅವರು ಒಪ್ಪದಿದ್ದರೂ ನೀವು ಕಳಿಸಬಹುದು, ಆದರೆ ನಿಮ್ಮ ಭಾಗದ ಬಗ್ಗೆ ಮಾತ್ರ ಬರೆಯಿರಿ. ಗೆಳೆಯರ ಕೋಡ್ ತೆಗೆದುಕೊಂಡಿದ್ದರೂ ಹೀಗೇ, ಅವರಿಗೆ ಮೊದಲು ತಿಳಿಸಿ. ನಿಮ್ಮ ಮೇಲ್‌ನಿಂದ ಅವರಿಗೂ ಕರೆ ಬರುತ್ತದೆ. ಅದು ನಮ್ಮಿಂದ ಅವರಿಗೆ ಮೊದಲ ಸಲ ಗೊತ್ತಾದರೆ ಹಾಸ್ಟೆಲಿನಲ್ಲಿ ನಿಮಗೆ ಕಷ್ಟ.

ನಾವು ಆಗಲೇ ಹಿಡಿದು ಕರೆದಿದ್ದರೆ? ಆಗಲೂ ಬರೆಯಿರಿ, ಆದರೆ ತಾನಾಗಿ ಬಂದು ಹೇಳಿದಂತೆ ನಟಿಸಬೇಡಿ. ‘ನೀವು ಇವತ್ತು ಲ್ಯಾಬಿನಲ್ಲಿ ಕೇಳಿದ ವಿಷಯ’ ಎಂದೇ ಶುರು ಮಾಡಿ.

ಬರೆಯುವಾಗ

ನಮ್ಮಲ್ಲಿ ಇಂಥ ಮೇಲ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಹೋಗಲಿ. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ನೇರ ಕೂತರೆ ನೆಟ್‌ನಲ್ಲಿ ಸಿಗುವ ದೊಡ್ಡ ದೊಡ್ಡ ವಾಕ್ಯ ಕೈಗೆ ಬರುತ್ತವೆ, ಮತ್ತೆ ಆ ಬ್ರಾಕೆಟ್ ಹುಡುಗನ ಕಥೆಯೇ.

ಸಬ್ಜೆಕ್ಟ್ ಸಾಲಿನಲ್ಲಿ ‘ಕ್ಷಮೆ ಕೋರಿ’ ಎಂದೋ ‘ಅರ್ಜೆಂಟ್’ ಎಂದೋ ಬೇಡ. ಯಾವ ಲ್ಯಾಬ್, ಯಾವ ಬ್ಯಾಚ್, ಏನು ವಿಷಯ, ಅಷ್ಟು ಸಾಕು. ಆಮೇಲೆ ಮೊದಲ ವಾಕ್ಯದಲ್ಲೇ ವಿಷಯ ಹೇಳಿಬಿಡಿ. ‘ತಾವು ಆರೋಗ್ಯವಾಗಿದ್ದೀರೆಂದು ಭಾವಿಸುತ್ತೇನೆ’ ಎಂದು ಶುರು ಮಾಡಿ, ಮೂರನೇ ಪ್ಯಾರಾದಲ್ಲಿ ‘ಸ್ವಲ್ಪ ಸಹಾಯ ಪಡೆದಿದ್ದೆ’ ಎಂದರೆ ಓದುವವರ ತಾಳ್ಮೆ ಅಲ್ಲಿಗೇ ಮುಗಿದಿರುತ್ತದೆ. ಈ ‘ಸಹಾಯ ಪಡೆದೆ’, ‘ರೆಫರ್ ಮಾಡಿದೆ’, ‘ಇನ್‌ಸ್ಪಿರೇಷನ್ ತಗೊಂಡೆ’ ಎಲ್ಲ ಬೇಡ. ಕಾಪಿ ಮಾಡಿದ್ದರೆ ಕಾಪಿ ಮಾಡಿದೆ ಅನ್ನಿ.

ಕಾರಣ ಹೇಳಬಾರದು ಎಂದಲ್ಲ. ಒಂದು ವಾಕ್ಯ ಹೇಳಿ, ಮತ್ತು ಅದು ಕೋಡಿಗೆ ಸಂಬಂಧಪಟ್ಟಿರಲಿ. ‘ಪಾಯಿಂಟರ್ ಬಳಸಿ ಲಿಸ್ಟಿನಿಂದ ತೆಗೆಯುವುದು ನನಗೆ ಬರಲಿಲ್ಲ, ಕೇಳಲು ನಾಚಿಕೆಯಾಯಿತು’ ಎಂದರೆ ನನಗೆ ಏನು ಕಲಿಸಬೇಕು ಎಂದಾದರೂ ಗೊತ್ತಾಗುತ್ತದೆ. ‘ಮನೆಯಲ್ಲಿ ಅಕ್ಕನ ಮದುವೆ ಇತ್ತು’ ಎಂದರೆ ಮದುವೆಗೆ ಹೋಗಿ ಬಂದೆ ಅನ್ನುವುದು ಗೊತ್ತಾಗುತ್ತದೆ. ಜ್ವರ, ಸಾವು, ಆಸ್ಪತ್ರೆಯಂಥ ನಿಜವಾದ ಕಷ್ಟ ಇದ್ದರೆ ಅದು ಬೇರೆ ಮಾತು. ಆಗ ಗಡುವು ಮುಂದೂಡಿ ಎಂದು ಬೇರೆ ಮೇಲ್‌ನಲ್ಲಿ ಕೇಳಿ. ಎರಡನ್ನೂ ಬೆರೆಸಿದರೆ ನಿಜವಾದ ಕಷ್ಟವೂ ನೆಪದಂತೆ ಕಾಣುತ್ತದೆ.

‘ಎಲ್ಲರೂ ಮಾಡಿದ್ದಾರೆ’ ಎಂಬುದನ್ನು ಬರೆಯಲೇಬೇಡಿ. ಇನ್ನೊಂದು ಮಾತು ಇತ್ತೀಚೆಗೆ ಜಾಸ್ತಿ ಕೇಳುತ್ತಿದ್ದೇನೆ: ‘ಯುಜಿಸಿ ಪ್ರಕಾರ 10 ಪರ್ಸೆಂಟ್‌ವರೆಗೆ ಕಾಪಿ ನಡೆಯುತ್ತೆ ಮೇಡಂ.’ ಅದು ಯುಜಿಸಿಯ 2018ರ ಕೃತಿಚೌರ್ಯ ನಿಯಮ. ಅದರ ಹಂತಗಳು ಥೀಸಿಸ್, ಡಿಸರ್ಟೇಷನ್, ಪ್ರಬಂಧಗಳ ಹೋಲಿಕೆಗೆ ಸಂಬಂಧಪಟ್ಟವು. ಲ್ಯಾಬಿನ ಸಿ ಪ್ರೋಗ್ರಾಮಿಗೆ ಅದನ್ನು ತಂದು ಹಚ್ಚಿದರೆ ನಿಯಮವನ್ನೂ ಓದಿಲ್ಲ ಎಂದು ತೋರಿಸಿಕೊಂಡ ಹಾಗೆ.

ಕೊನೆಗೆ, ಏನು ಬೇಕು ಎಂದು ಸ್ಪಷ್ಟವಾಗಿ ಕೇಳಿ. ‘ದಯವಿಟ್ಟು ಇನ್ನೊಂದು ಅವಕಾಶ’ ಎಂದರೆ ಆ ಅವಕಾಶ ಏನೆಂದು ನಾನೇ ಯೋಚಿಸಬೇಕು. ಏನನ್ನು ಮತ್ತೆ ಬರೆಯುತ್ತೀರಿ, ಯಾವ ದಿನಕ್ಕೆ ಕೊಡುತ್ತೀರಿ, ಅಂಕ ಕಡಿಮೆ ಮಾಡಿದರೆ ಒಪ್ಪುತ್ತೀರಾ, ಇವನ್ನು ನೀವೇ ಹೇಳಿ. ದಿನ ಕೇಳುವಾಗ ಹುರುಪಿನಲ್ಲಿ ‘ನಾಳೆಯೇ ಕೊಡುತ್ತೇನೆ’ ಅನ್ನಬೇಡಿ. ಒಂದೇ ದಿನದಲ್ಲಿ 250 ಸಾಲು ಬಂದರೆ ಅದೂ ಎಲ್ಲಿಂದಲೋ ಬಂತು ಎಂದೇ ನಾನು ಅಂದುಕೊಳ್ಳುವುದು.

ಹುಡುಗ ಕಳಿಸಿದ ಮೇಲ್ ಇದು. ಇಂಗ್ಲಿಷಿನಲ್ಲಿತ್ತು, ನಾನು ಕನ್ನಡಕ್ಕೆ ತಂದಿದ್ದೇನೆ.

> ವಿಷಯ: ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್, ಬ್ಯಾಚ್ ಬಿ2, ಮಿನಿ ಪ್ರಾಜೆಕ್ಟಿನಲ್ಲಿ ಕಾಪಿ ಮಾಡಿದ ಕೋಡ್ ಬಗ್ಗೆ
>
> ಮೇಡಂ, ನಮಸ್ಕಾರ.
>
> ಶುಕ್ರವಾರ ನಾನು ಸಬ್ಮಿಟ್ ಮಾಡಿದ ಲೈಬ್ರರಿ ಪ್ರಾಜೆಕ್ಟಿನಲ್ಲಿ ಹೆಚ್ಚಿನ ಕೋಡ್ ನನ್ನದಲ್ಲ. ಗಿಟ್‌ಹಬ್‌ನ ಒಂದು ರೆಪೊಸಿಟರಿಯಿಂದ ಕಾಪಿ ಮಾಡಿದ್ದೇನೆ. ಲಿಂಕ್ ಕೆಳಗಿದೆ, ಮೂಲ ಫೈಲನ್ನೂ ಜೊತೆಗೆ ಕಳಿಸಿದ್ದೇನೆ.
>
> ನೀವು ಕೊಟ್ಟ ಮೂರು ಫಂಕ್ಷನ್ ಬಿಟ್ಟರೆ ಉಳಿದ 320 ಸಾಲಿನಲ್ಲಿ ಸುಮಾರು 250 ಕಾಪಿ. ವೇರಿಯಬಲ್ ಹೆಸರುಗಳನ್ನು ಬದಲಾಯಿಸಿದ್ದೆ. ಮೇಲಿದ್ದ ಬರೆದವರ ಹೆಸರನ್ನು ಅಳಿಸಿ ನನ್ನ ಹೆಸರು ಹಾಕಿದ್ದೆ.
>
> ನಾನೇ ಬರೆದದ್ದು: `countBooks`, `showOverdue`, `fineAmount`.
> ಕಾಪಿ, ಆದರೆ ಈಗ ನೋಡದೆ ಬರೆಯಬಲ್ಲೆ: `addBook`, `searchByAuthor`, `issueBook`, `returnBook`.
> ಕಾಪಿ, ಅರ್ಥವಾಗಿಲ್ಲ: `deleteBook`, `sortByTitle`, `saveToFile`, `loadFromFile`. ಮೊದಲನೇ ಪುಸ್ತಕ ತೆಗೆದರೆ `deleteBook` ಕ್ರ್ಯಾಶ್ ಆಗುತ್ತದೆ. ಏಕೆಂದು ಇವತ್ತು ಗೊತ್ತಾಯಿತು.
>
> ಲಿಂಕ್ಡ್ ಲಿಸ್ಟಿನಿಂದ ತೆಗೆಯುವುದು ಬರಲಿಲ್ಲ. ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದೇ.
>
> ಈ ಎಂಟೂ ಫಂಕ್ಷನ್‌ಗಳನ್ನು ಮತ್ತೆ ನಾನೇ ಬರೆದು ನವೆಂಬರ್ 24ರ ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಮುಂಚೆ ಕೊಡಲು ಅನುಮತಿ ಕೊಡುತ್ತೀರಾ? ಅಂಕ ಕಡಿಮೆ ಮಾಡಿದರೆ, ಬೇರೆ ಪ್ರಶ್ನೆ ಕೊಟ್ಟರೆ ಅಥವಾ ವೈವಾದಲ್ಲಿ ಹೆಚ್ಚು ಕೇಳಿದರೆ ಒಪ್ಪುತ್ತೇನೆ. ಮತ್ತೆ ಮಾಡಲು ಬಿಡಲಾಗದಿದ್ದರೆ, ನಾನೇ ಬರೆದ ಮೂರು ಫಂಕ್ಷನ್‌ಗೆ ಮಾತ್ರ ಅಂಕ ಕೊಡಿ ಎಂದು ಕೇಳಿಕೊಳ್ಳುತ್ತೇನೆ.
>
> ಇಂತಿ ನಿಮ್ಮ ವಿದ್ಯಾರ್ಥಿ,
> ಹೆಸರು, ಯುಎಸ್ಎನ್, ಬ್ಯಾಚ್

‘ಕ್ಷಮಿಸಿ’ ಎಂಬ ಪದವೇ ಇಲ್ಲ ನೋಡಿ. ಹಾಕಿದ್ದರೆ ನನಗೇನೂ ಬೇಜಾರಿರಲಿಲ್ಲ, ಆದರೆ ಇಲ್ಲ ಅನ್ನುವುದು ಓದುವಾಗ ಗಮನಕ್ಕೂ ಬರಲಿಲ್ಲ. ನನ್ನ ಮನಸ್ಸಿಗೆ ನಾಟಿದ್ದು ಆ ಕೊನೆಯ ಸಾಲು. ಬೇಡ ಅನ್ನಲೂ ಅವನೇ ನನಗೆ ದಾರಿ ಮಾಡಿಕೊಟ್ಟಿದ್ದ.

ಈ ಮೇಲನ್ನು ಹಾಗೇ ಎತ್ತಿ ಕಳಿಸುವ ಆಸೆ ಬಂದರೆ ಮೊದಲ ಪ್ಯಾರಾಕ್ಕೆ ವಾಪಸ್ ಹೋಗಿ.

ಉತ್ತರ ಬಂದ ಮೇಲೆ

ಎರಡು ದಿನ ಉತ್ತರ ಬರದಿದ್ದರೆ ಜ್ಞಾಪನೆಯ ಮೇಲ್ ಬೇಡ, ಸ್ಟಾಫ್ ರೂಮಿಗೆ ಹೋಗಿ. ಮೇಲ್‌ನ ಪ್ರಿಂಟ್ ಜೊತೆಗಿರಲಿ. ಊಟದ ಹೊತ್ತು ಬಿಟ್ಟು ಹೋಗಿ, ನಾಲ್ಕು ಜನರ ಮುಂದೆ ಹೇಳಬೇಕಾಗಿ ಬಂದರೆ ‘ಒಂದು ನಿಮಿಷ ಹೊರಗೆ ಬರ್ತೀರಾ ಮೇಡಂ’ ಎಂದು ಕೇಳಲು ಸಂಕೋಚ ಬೇಡ.

ಉತ್ತರ ‘ಇಲ್ಲ’ ಎಂದಿದ್ದರೆ ಒಂದೇ ಸಾಲಿನಲ್ಲಿ ‘ತಿಳಿಯಿತು ಮೇಡಂ’ ಎಂದು ಬರೆದು ಬಿಡಿ. ವಾದಕ್ಕೆ ಇಳಿದವರ ಹೆಸರು ಮುಂದಿನ ಸೆಮಿಸ್ಟರಿನ ಮೇಷ್ಟ್ರಿಗೂ ಗೊತ್ತಿರುತ್ತದೆ.

ಈ ಹುಡುಗನಿಗೆ ನಾನು ಹೇಳಿದ್ದು ಹೀಗೆ: ಮತ್ತೆ ಮಾಡು, 24ಕ್ಕೆ ಕೊಡು, ಕೋಡಿನ ಅಂಕದಲ್ಲಿ ಅರ್ಧ ಹೋಯಿತು, ವೈವಾ ಪೂರ್ತಿ ಅಂಕಕ್ಕೆ. ಜೊತೆಗೆ ಒಂದು ಷರತ್ತು, ಗಿಟ್ ಬಳಸಬೇಕು, ಒಂದೊಂದು ಫಂಕ್ಷನ್ ಮುಗಿದಾಗ ಕಮಿಟ್ ಮಾಡಬೇಕು. ಕಮಿಟ್‌ಗಳ ದಿನಾಂಕವನ್ನು ತಿದ್ದಬಹುದು ಎಂದು ನನಗೂ ಗೊತ್ತು. ಅದಕ್ಕೇ ಕೊನೆಯ ಮಾತು ವೈವಾದ್ದು.

ಮತ್ತೆ ಬರೆಯುವಾಗ ಒಂದು ಗುಂಡಿ ಇದೆ. ಕಾಪಿ ಮಾಡಿದ ಕೋಡನ್ನು ಹತ್ತು ಸಲ ನೋಡಿರುತ್ತೀರಿ, ಹೊಸ ಫೈಲ್ ತೆರೆದರೂ ಕೈಗೆ ಅದೇ ಬರುತ್ತದೆ. ಆಗ ಬಂದದ್ದು ಕಾಪಿಯ ಬಾಯಿಪಾಠ. ಇದರಿಂದ ಪಾರಾಗಲು ಕೋಡಿನಿಂದ ಶುರು ಮಾಡಬೇಡಿ, ಪರೀಕ್ಷೆಗಳಿಂದ ಶುರು ಮಾಡಿ. ಲಿಸ್ಟಿನಿಂದ ತೆಗೆಯುವುದಕ್ಕೆ ಐದು ಸಂದರ್ಭ: ಲಿಸ್ಟ್ ಖಾಲಿ, ಮೊದಲನೆಯದು, ನಡುವಿನದು, ಕೊನೆಯದು, ಇಲ್ಲದ ನಂಬರ್. ಪ್ರತಿಯೊಂದಕ್ಕೂ ಹಾಳೆಯ ಮೇಲೆ ಡಬ್ಬಿ, ಬಾಣ ಬಿಡಿಸಿ, ತೆಗೆದ ಮೇಲೆ ಬಾಣ ಎಲ್ಲಿಗೆ ಹೋಗಬೇಕು ಎಂದು ನೋಡಿ. ಆಗ ಆ ಫಂಕ್ಷನ್ನಿನ ಕೊನೆಯ ಎರಡು ಸಾಲು ಇದ್ದ ಜಾಗಕ್ಕೆ ಇದು ತಾನಾಗಿ ಬರುತ್ತದೆ:

```c
    if (p == NULL) return;
    if (prev == NULL) head = p->next;
    else prev->next = p->next;
    free(p);
```

ಮೇಲಿನ ಲೂಪ್ ಹಳೆಯದರಂತೆಯೇ ಇದ್ದರೂ ಚಿಂತೆಯಿಲ್ಲ. ಲಿಸ್ಟಿನಲ್ಲಿ ಹುಡುಕಲು ನೂರು ದಾರಿ ಇಲ್ಲ, ಲೂಪಿನ ಆ ನಾಲ್ಕು ಸಾಲಿಗೆ ಯಾರೂ ಬೆರಳು ತೋರಿಸುವುದಿಲ್ಲ. ಹೋಲಿಕೆ ಬರಬಾರದು ಎಂದು ಬೇಕಂತಲೇ ಸುತ್ತಿ ಬಳಸಿ ಬರೆದರೆ ವೈವಾದಲ್ಲಿ ನೀವೇ ತಡವರಿಸುತ್ತೀರಿ.

ಫೈಲಿಗೆ ಬರೆಯುವುದು ಅವನಿಗೆ ಕೊನೆಗೂ ಪೂರ್ತಿ ಬರಲಿಲ್ಲ. `fwrite` ಬಳಸಿ ಇಡೀ `struct` ಬರೆಯುವಾಗ ಅದರೊಳಗಿನ `next` ಪಾಯಿಂಟರ್ ಕೂಡ ಫೈಲಿಗೆ ಹೋಗುತ್ತದೆ, ಮತ್ತೆ ಓದಿದಾಗ ಆ ವಿಳಾಸಕ್ಕೆ ಅರ್ಥವೇ ಇರುವುದಿಲ್ಲ. ಅವನು ಅದರಲ್ಲೇ ಎರಡು ದಿನ ಸಿಕ್ಕಿಬಿದ್ದು, ಬುಧವಾರ ನನ್ನ ಹತ್ತಿರ ಬಂದ. ಪಕ್ಕದಲ್ಲಿ ಕೂತು ಒಂದು ಉದಾಹರಣೆ ತೋರಿಸಿದೆ. ಸೋಮವಾರ ಕೊಟ್ಟ ಪ್ರಾಜೆಕ್ಟಿನ ಜೊತೆ ಒಂದು `README` ಇತ್ತು. ಅದರಲ್ಲಿ ಹೀಗಿತ್ತು: ‘`saveToFile`, `loadFromFile`: ಮೇಡಂ ಲ್ಯಾಬಿನಲ್ಲಿ ತೋರಿಸಿದ ಉದಾಹರಣೆ ನೋಡಿ ಬರೆದದ್ದು. `sortByTitle`: ಪಠ್ಯಪುಸ್ತಕದ ಇನ್ಸರ್ಷನ್ ಸಾರ್ಟ್, ಲಿಸ್ಟಿಗೆ ಹೊಂದಿಸಿದ್ದು ನಾನು. ಉಳಿದದ್ದು ನನ್ನದು.’ ವೈವಾದಲ್ಲಿ ಮೊದಲನೇ ಪುಸ್ತಕ ಡಿಲೀಟ್ ಮಾಡು ಅಂದೆ. ಮಾಡಿದ. ಆಮೇಲೆ ನಾನು ಕೇಳದೆಯೇ ಖಾಲಿ ಲಿಸ್ಟಿನಲ್ಲೂ ಒಂದು ಸಲ ಮಾಡಿ ತೋರಿಸಿದ.